ಮನೆ ಹಿಂದಿನ ಧರೆಗೆ ಎರಡು ಗೂಟ

ನಾನು ಗೌಂಡಿ. ಸಂಡೂರು ತಾಲ್ಲೂಕಿನ ಒಂದು ಊರಲ್ಲಿ, ಗುಡ್ಡದ ಬುಡದಲ್ಲೇ ನಮ್ಮ ಮನೆ. ಅಪ್ಪನ ಕಾಲದಲ್ಲಿ ಜಾಗ ಸಾಲದೆ ಗುಡ್ಡ ಕಡಿದು ನೆಲ ಮಟ್ಟ ಮಾಡಿಕೊಂಡಿದ್ದರು. ಹಾಗಾಗಿ ಅಡುಗೆಮನೆಯ ಹಿಂದೆ 4 ಅಡಿ ಓಣಿ ಬಿಟ್ಟರೆ 14 ಅಡಿ ಎತ್ತರದ ಧರೆ. ಅದರ ಕೆಳಗಿನ ಆರೂವರೆ ಅಡಿಗೆ ಸೈಜುಗಲ್ಲಿನ ಗೋಡೆ ಇದೆ. ಮೇಲೆ ಬರೀ ಮಣ್ಣು.

ಗುಡ್ಡ ಕುಸಿಯೋದು ಕೊಡಗಿನಲ್ಲಿ, ಶಿರೂರಿನಲ್ಲಿ, ನಮ್ಮ ಬಳ್ಳಾರಿ ಕಡೆ ಅಲ್ಲ ಅಂತ ಜನ ಅಂದುಕೊಂಡಿದ್ದಾರೆ. ಮಳೆ ಕಮ್ಮಿ ಅನ್ನೋದು ನಿಜ. ಆದರೆ ಬರೋ ಮಳೆ ಒಮ್ಮೊಮ್ಮೆ ಒಟ್ಟಿಗೇ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಏನಾಯಿತು ಅಂತ ರಾಯಚೂರು, ಕೊಪ್ಪಳ, ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ಧರೆ ಬೀಳೋಕೆ ವರ್ಷದ ಮಳೆ ಲೆಕ್ಕಕ್ಕೆ ಬರಲ್ಲ. ಎರಡು ಮೂರು ದಿನ ಬಿಡದೆ ಎಷ್ಟು ಸುರಿಯಿತು ಅನ್ನೋದೇ ಲೆಕ್ಕ. ಮೇಲಾಗಿ ಕಡಿದ ಧರೆಗೆ ದೊಡ್ಡ ಬೆಟ್ಟವೂ ಬೇಕಿಲ್ಲ. ಗುಡ್ಡ ತಾನಾಗಿ ನಿಂತಿದ್ದ ಇಳಿಜಾರನ್ನು ನಾವೇ ನೆಟ್ಟಗೆ ಮಾಡಿರುತ್ತೇವಲ್ಲ.

ನಮ್ಮ ಧರೆಯಲ್ಲಿ ಮೇಲೆ ಗರಸು ಕೂಡಿದ ಕೆಂಪು ಮಣ್ಣು, ಅದರ ಕೆಳಗೆ ಬಿಳಿಚಿಕೊಂಡ ಜೇಡಿ. ಮಳೆ ನೀರು ಗರಸಿನಲ್ಲಿ ಸಲೀಸಾಗಿ ಇಳಿಯುತ್ತದೆ. ಜೇಡಿಗೆ ಬಂದ ಮೇಲೆ ದಾರಿ ಸಿಗದೆ ಅಲ್ಲೇ ನಿಲ್ಲುತ್ತದೆ. ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕೆಳಗಿನ ಜೇಡಿ ಜಾರುತ್ತದೆ. ಜಾರುವ ಜಾಗ ಅದೇ.

ಒಂದು ಬೇಸಿಗೆಯಲ್ಲಿ ಧರೆಯ ಮೇಲೆ ಜಾಲಿ ಕಡಿಯೋಕೆ ಹತ್ತಿದಾಗ ಬಿರುಕು ಕಂಡಿತು. ಅಂಚಿನಿಂದ ಸುಮಾರು 5 ಅಡಿ ಹಿಂದೆ, ಅಂಚಿನ ಉದ್ದಕ್ಕೇ ಹೋಗಿ ಎರಡೂ ತುದಿಯಲ್ಲಿ ಕೆಳಕ್ಕೆ ಬಾಗಿತ್ತು. ಪಕ್ಕದ ಮನೆಯ ಮಾವನನ್ನು ಕರೆದು ತೋರಿಸಿದೆ. "ಬಿಸಿಲಿಗೆ ನೆಲ ಒಡೀತೈತಿ, ಇದಕ್ಯಾಕಪ್ಪ ತಲಿ ಕೆಡಿಸ್ಕೊಂತಿ?" ಅಂದರು. ಅವರ ಮಾತು ತಳ್ಳಿ ಹಾಕುವಂಥದ್ದಲ್ಲ, ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಬಿರಿಯದೆ ಇರುತ್ತದಾ?

ಆದರೆ ಎರಡಕ್ಕೂ ವ್ಯತ್ಯಾಸ ಇದೆ. ಬಿಸಿಲ ಬಿರುಕು ಎಲ್ಲ ದಿಕ್ಕಿಗೂ ಹರಡಿ ನೆಲವನ್ನು ತುಂಡು ತುಂಡು ಮಾಡುತ್ತದೆ. ಎರಡೂ ಬದಿ ಒಂದೇ ಮಟ್ಟದಲ್ಲಿ ಇರುತ್ತವೆ, ನಾಲ್ಕು ಮಳೆಗೆ ಮುಚ್ಚಿ ಹೋಗುತ್ತದೆ. ಜಾರುವ ಬಿರುಕು ಒಂದೇ ಗೆರೆ. ಕಣಿವೆ ಕಡೆಯ ಬದಿ ಸ್ವಲ್ಪ ಕುಸಿದಿರುತ್ತದೆ. ಮಳೆ ಬಂದರೆ ಮುಚ್ಚಲ್ಲ, ತೆರೆದುಕೊಳ್ಳುತ್ತದೆ. ನಾನು ಲೆವಲ್ ಪೈಪ್ ಇಟ್ಟು ನೋಡಿದೆ. ಕೆಳಬದಿ ಅರ್ಧ ಇಂಚು ಇಳಿದಿತ್ತು. ಮಾವ ಆಮೇಲೆ ಏನೂ ಮಾತಾಡಲಿಲ್ಲ.

ಮನೆಯೊಳಗೂ ಇಂಥದೇ ಗೊಂದಲ ಆಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ ಕಟ್ಟಿಗೆ ಉಬ್ಬಿದ್ದೂ ಇರಬಹುದು, ಚೌಕಟ್ಟು ತಿರುಚಿದ್ದೂ ಇರಬಹುದು. ಉಬ್ಬಿದ ಬಾಗಿಲು ಉದ್ದಕ್ಕೂ ಉಜ್ಜುತ್ತದೆ. ಚೌಕಟ್ಟು ತಿರುಚಿದ್ದರೆ ಮೇಲಿನ ಒಂದು ಮೂಲೆ ಮಾತ್ರ ಹಿಡಿಯುತ್ತದೆ, ಇನ್ನೊಂದು ಮೂಲೆಯಲ್ಲಿ ಸಂದು ಬಿಡುತ್ತದೆ. ಜೊತೆಗೆ ಚೌಕಟ್ಟಿನ ಮೂಲೆಯಿಂದ ಗೋಡೆ ಓರೆಯಾಗಿ ಸೀಳಿದ್ದರೆ ತೂಗುಗುಂಡು ಬಿಟ್ಟು ಗೋಡೆ ವಾಲಿದೆಯಾ ನೋಡಬೇಕು. ನಮ್ಮ ಮನೆಯಲ್ಲಿ ಅಷ್ಟು ಆಗಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಮಾಡಿದ್ದೆಲ್ಲ ನೀರಿನ ಕೆಲಸ. ಬಿರುಕಿನಿಂದ 10 ಅಡಿ ಮೇಲೆ ಅಡ್ಡಕ್ಕೆ ಒಂದು ಚರಂಡಿ ತೆಗೆದೆ. ಒಂದೂವರೆ ಅಡಿ ಅಗಲ, 1 ಅಡಿ ಆಳ, 50 ಅಡಿಗೆ 1 ಅಡಿ ಇಳಿಜಾರು. ಒಳಗೆ ಕಲ್ಲು ಹಾಸಿ ಸಿಮೆಂಟು ಹಾಕಿದೆ. ಇದು ಮುಖ್ಯ. ಬರೀ ಮಣ್ಣಿನ ಚರಂಡಿ ತೋಡಿ ಬಿಟ್ಟರೆ ನೀರನ್ನು ಹಿಡಿದು ಧರೆಗೇ ಕುಡಿಸಿದ ಹಾಗೆ. ಕಲ್ಲಿಗೆ ದುಡ್ಡಿಲ್ಲದಿದ್ದರೆ ದಪ್ಪ ತಾಡಪಾಲು ಹಾಸಿದರೂ ಒಂದು ಮಳೆಗಾಲ ಕಳೆಯುತ್ತದೆ. ಚರಂಡಿಯ ಬಾಯಿ ಪಕ್ಕದ ಹಳ್ಳಕ್ಕೆ ಹೋಗಬೇಕು, ಇನ್ನೊಬ್ಬರ ಧರೆಯ ಮೇಲಲ್ಲ. ಬಿರುಕನ್ನು ಅಗೆದು ಅದರಲ್ಲಿ ಜಿಗುಟು ಮಣ್ಣು ತುಂಬಿ ಗುದ್ದಿ ಮೇಲೆ ತಾಡಪಾಲು ಮುಚ್ಚಿದೆ. ಸಿಮೆಂಟು ಹಾಕಲಿಲ್ಲ. ಮಣ್ಣು ಜರುಗಿದರೆ ಸಿಮೆಂಟು ಅದರ ಜೊತೆ ಜರುಗಲ್ಲ, ಒಡೆದು ಪಕ್ಕದಲ್ಲಿ ನೀರು ಬಿಡುತ್ತದೆ.

ಚಾವಣಿ ನೀರನ್ನೂ ಮರೆಯೋ ಹಾಗಿಲ್ಲ. 1000 ಚದರಡಿ ಚಾವಣಿಗೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು, ಒಂದು ಟ್ಯಾಂಕರಿನಷ್ಟು. ನಮ್ಮ ಧರೆಯ ಮೇಲೂ ಒಂದು ಮನೆ ಇದೆ. ಅವರ ಚಾವಣಿ ನೀರು, ಬಚ್ಚಲ ಇಂಗುಗುಂಡಿ ಎರಡೂ ನಮ್ಮ ಕಡೆಗೇ ಇದ್ದವು. ಆ ಮನೆಯ ಅಣ್ಣನ ಹತ್ತಿರ ಕೂತು ಮಾತಾಡಿ, ಪೈಪಿನ ಖರ್ಚು ನಾನೇ ಹಾಕಿ ಎರಡನ್ನೂ ಹಳ್ಳಕ್ಕೆ ತಿರುಗಿಸಿದೆವು. ಇಡೀ ಕೆಲಸದಲ್ಲಿ ಕಷ್ಟ ಆದದ್ದು ಇದೇ. ಚರಂಡಿ ತೋಡೋದು ಸುಲಭ, ಮೇಲಿನ ಮನೆಯವರನ್ನು ಒಪ್ಪಿಸೋದು ಅಲ್ಲ.

ಆಮೇಲೆ ಗೋಡೆ. ಹಳೆ ಗೋಡೆಗೆ ನೀರು ಬಿಡುವ ತೂತೇ ಇರಲಿಲ್ಲ. ಇಂಥ ಗೋಡೆ ನೋಡೋಕೆ ಗಟ್ಟಿ, ಆದರೆ ಹಿಂದೆ ನೀರು ನಿಂತರೆ ಅದು ಕಟ್ಟೆಯಾಗುತ್ತದೆ. ಆರೂವರೆ ಅಡಿ ಅಂದರೆ 2 ಮೀಟರ್ ನೀರು ನಿಂತಿತು ಅನ್ನಿ. ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2 ಟನ್ ಒತ್ತುತ್ತದೆ, ಬರೀ ನೀರು, ಮಣ್ಣಿನ ಒತ್ತು ಬೇರೆ. ಅದೇ ನೀರು ಅರ್ಧಕ್ಕೆ ಇಳಿದರೆ ಒತ್ತು ಕಾಲು ಭಾಗಕ್ಕೆ, ಅರ್ಧ ಟನ್ನಿಗೆ ಬರುತ್ತದೆ. ಅದಕ್ಕೇ ಬುಡದ ಸಾಲಿನ ತೂತು ಎಲ್ಲಕ್ಕಿಂತ ಮುಖ್ಯ. ನೆಲ ಪೂರ್ತಿ ಒಣಗಿದ್ದಾಗ, ಒಂದೊಂದಾಗಿ ಕೊರೆದು, ನಾಲ್ಕು ನಾಲ್ಕು ಅಡಿಗೆ 3 ಇಂಚಿನ ಪಿವಿಸಿ ಪೈಪು ಕೂರಿಸಿದೆ. ಪೈಪು ಹೊರಗೆ ಸ್ವಲ್ಪ ಇಳಿಜಾರಾಗಿ ಇರಬೇಕು, ಒಳಗಿನ ತುದಿಗೆ ಜಾಲರಿ ಸುತ್ತಬೇಕು. ಮೇಲಿನ ಸಾಲಿನ ತೂತುಗಳು ಕೆಳಗಿನವುಗಳ ನಡುವೆ ಬಂದವು.

ಈ ಪೈಪುಗಳಿಂದ ಇನ್ನೊಂದು ಉಪಯೋಗ ಇದೆ. ಮಳೆಯಲ್ಲಿ ತಿಳಿನೀರು ಬಂದರೆ ಸರಿ. ಕೆಂಪಗೆ ರಾಡಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಅಂತ ಅರ್ಥ. ಜೋರು ಮಳೆಯ ನಡುವೆ ನೀರು ತಟ್ಟನೆ ನಿಂತರೆ ಇನ್ನೂ ಕೆಟ್ಟದ್ದು. ದಾರಿ ಕಟ್ಟಿದೆ, ನೀರು ಒಳಗೇ ಏರುತ್ತಿದೆ.

ಕೊನೆಗೆ ಗೂಟ. 16 ಎಂಎಂ ಕಬ್ಬಿಣದ 3 ಅಡಿ ಸರಳು ಎರಡು. ಒಂದು ಬಿರುಕಿನ ಮೇಲೆ, ಗಟ್ಟಿ ನೆಲದಲ್ಲಿ. ಇನ್ನೊಂದು ಬಿರುಕಿನ ಕೆಳಗೆ, ಜಾರುವ ಭಾಗದಲ್ಲಿ. ಎರಡರ ತಲೆಗೂ ಗರಗಸದಲ್ಲಿ ಗೀರು ಹಾಕಿದೆ. ಗೀರಿನಿಂದ ಗೀರಿಗೆ ಸ್ಟೀಲ್ ಟೇಪಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದೆ: 742 ಮಿಲಿಮೀಟರ್. ಒಂದು ಮಿಲಿಮೀಟರ್ ಆಚೀಚೆ ಟೇಪಿನ ತಪ್ಪು, ಅದಕ್ಕೆ ಹೆದರಬೇಕಿಲ್ಲ. ಮಳೆ ಅಳೆಯೋಕೆ ಅಂಗಳದಲ್ಲಿ ನೆಟ್ಟಗಿನ ಬದಿಯ ಒಂದು ಡಬ್ಬಿ ಇಟ್ಟೆ. ಅದರಲ್ಲಿ ನಿಂತ ನೀರಿನ ಆಳ ಎಷ್ಟು ಮಿಲಿಮೀಟರೋ ಮಳೆ ಅಷ್ಟು. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಇಡೀ ಜಿಲ್ಲೆಗೆ ಕೊಡೋದು. ಅದನ್ನು ಕೇಳಿ ತಯಾರಾಗಬೇಕು ನಿಜ, ಆದರೆ ನಿಮ್ಮ ಧರೆ ಏನು ಮಾಡುತ್ತಿದೆ ಅಂತ ಅದು ಹೇಳಲ್ಲ.

ಜುಲೈ ಕಳೆದರೂ 742, 743ರಲ್ಲೇ ಇತ್ತು. ಸೆಪ್ಟೆಂಬರಿನ ಮಳೆಗೆ 745 ಆಯಿತು. ಆಮೇಲೆ ಒಂದು ದೊಡ್ಡ ಮಳೆ ಹಿಡಿಯಿತು. ಒಂದೇ ರಾತ್ರಿಗೆ ಡಬ್ಬಿಯಲ್ಲಿ 70 ಮಿಲಿಮೀಟರ್. 24 ಗಂಟೆಯಲ್ಲಿ 64.5 ದಾಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಅನ್ನುತ್ತದೆ. ಬೆಳಿಗ್ಗೆ 7ಕ್ಕೆ 747. ಸಂಜೆ 4ಕ್ಕೆ 751. ಮಳೆ ನಿಂತಿರಲಿಲ್ಲ. 6 ಗಂಟೆಗೆ ಮತ್ತೆ ಹೋದೆ, 754.

ಒಟ್ಟು ಎಷ್ಟು ಸರಿಯಿತು ಅನ್ನೋದಕ್ಕಿಂತ ಎಷ್ಟು ಬೇಗ ಅನ್ನೋದು ನೋಡಬೇಕು. ರಾತ್ರಿಯಿಡೀ 2 ಮಿಲಿಮೀಟರ್. ಹಗಲಿನ 9 ಗಂಟೆಯಲ್ಲಿ 4. ಆಮೇಲಿನ 2 ಗಂಟೆಯಲ್ಲೇ 3. ವೇಗ ಏರುತ್ತಿದೆ, ಕತ್ತಲಾಗುತ್ತಿದೆ. ಕತ್ತಲಲ್ಲಿ ಅಳೆಯೋಕೆ ಹೋಗಬಾರದು. ಹಗಲಲ್ಲೂ ನಾನು ಮೇಲಿನ ಗಟ್ಟಿ ನೆಲದಲ್ಲೇ ನಿಂತು ಟೇಪು ಚಾಚುತ್ತಿದ್ದೆ, ಜಾರುವ ಬದಿಗೆ ಕಾಲಿಡುತ್ತಿರಲಿಲ್ಲ.

ಮನೆಯಲ್ಲಿ ಮೊದಲೇ ಮಾತಾಗಿತ್ತು. ಮಳೆಗಾಲ ಶುರುವಾದ ಮೇಲೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗುತ್ತಿರಲಿಲ್ಲ. ಆಧಾರ್, ಪಾಸ್‌ಬುಕ್, ಅವ್ವನ ಮಾತ್ರೆ ಒಂದೇ ಚೀಲದಲ್ಲಿದ್ದವು. ಅವ್ವ ಮಾತ್ರ ಹಟ ಹಿಡಿದಳು. "ದೀಪ ಹಚ್ಚೋ ಹೊತ್ತಿನ್ಯಾಗ ಮನಿ ಬಿಡ್ತಾರೇನೋ?" ಅಂದಳು. "ಅವ್ವಾ, ದೀಪ ಚಿಗವ್ವನ ಮನ್ಯಾಗ ಹಚ್ಚೂಣು ನಡಿ" ಅಂದೆ. ಗ್ಯಾಸ್ ಮುಚ್ಚಿ, ಕರೆಂಟಿನ ಮೇನ್ ತೆಗೆದು ಹೊರಟೆವು. ಧರೆ ಬೀಳುವ ದಾರಿಯಲ್ಲಿ ನೇರ ಕೆಳಗೆ ಇಳಿಯದೆ ಪಕ್ಕಕ್ಕೆ ಸರಿದು ಬೀದಿಗೆ ಬಂದೆವು. ಮೇಲಿನ ಮನೆ, ಪಕ್ಕದ ಮನೆ ಎರಡಕ್ಕೂ ಹೇಳಿದೆ. ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ ಜಾಗ ತಿಳಿಸಿದೆ.

ಮರುದಿನ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿತ್ತು. ಮಾವ ಎಮ್ಮೆಗೆ ಹುಲ್ಲು ಹಾಕೋಕೆ ಹೊರಟಿದ್ದರು. ಹಿತ್ತಲಿಗೆ ಹೋಗಬೇಡಿ ಅಂತ ಹಿಡಿದು ನಿಲ್ಲಿಸಿದೆ, ಎಮ್ಮೆಯನ್ನೇ ಬೀದಿಗೆ ತಂದೆವು. ಮೇಲೆ ಬಿದ್ದ ನೀರು ಜೇಡಿಯವರೆಗೆ ಇಳಿಯೋಕೆ ಹೊತ್ತು ಬೇಕು. ಹಾಗಾಗಿ ಮಳೆ ನಿಂತ ಮೇಲೂ ಒಂದೆರಡು ದಿನ ಅಪಾಯ ಇರುತ್ತದೆ. ಧರೆ ಬಿದ್ದದ್ದು ಅವತ್ತು ಮಧ್ಯಾಹ್ನ. ಬಿರುಕಿನಿಂದ ಸೀಳಿದ ಮಣ್ಣು ಗೋಡೆಯನ್ನು ದಾಟಿ ಓಣಿ ತುಂಬಿ, ಅಡುಗೆಮನೆ ಕಿಟಕಿಯಿಂದ ಒಳಗೆ ನುಗ್ಗಿತ್ತು. ಕಲ್ಲಿನ ಗೋಡೆ ನಿಂತಿತ್ತು, ಪೈಪುಗಳಿಂದ ನೀರು ಸುರಿಯುತ್ತಲೇ ಇತ್ತು.

ಗೂಟದ ಲೆಕ್ಕ ಎಲ್ಲ ಗುಡ್ಡಕ್ಕೂ ನಡೆಯಲ್ಲ. ಬಳ್ಳಾರಿ ಊರಿನ ಗುಡ್ಡ, ಗಂಗಾವತಿ, ಆನೆಗೊಂದಿ ಕಡೆಯದು ಬಂಡೆಗುಂಡಿನ ಗುಡ್ಡ. ಗುಂಡು ಮಿಲಿಮೀಟರ್ ಲೆಕ್ಕದಲ್ಲಿ ಸರಿಯುತ್ತಾ ಸೂಚನೆ ಕೊಡುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಅಲ್ಲಿ ಗುಂಡಿನ ಬುಡದ ಮಣ್ಣು ಮಳೆಗೆ ಕೊಚ್ಚಿ ಪೊಳ್ಳಾಗಿದೆಯಾ ಅಂತ ನೋಡಬೇಕು. ಮನೆಗೆ ಜಾಗ ಮಾಡೋಕೆ ಅದರ ಕೆಳಗೆ ಅಗೆಯಲೇಬಾರದು. ಪೊಳ್ಳು ಕಂಡರೆ ಮಳೆಗಾಲ ಮುಗಿಯೋವರೆಗೆ ಕೆಳಗಿನ ಮನೆ ಬಿಡೋದೇ ದಾರಿ.

ಮಣ್ಣು ತೆಗೆಯೋಕೆ ಬಂದ ಜೆಸಿಬಿ ಹುಡುಗ ಬುಡದಿಂದ ಬಾಚೋಕೆ ಹೊರಟಿದ್ದ. ಬೇಡ ಅಂದೆ. ಬಿದ್ದ ಮಣ್ಣೇ ಆಗ ಮೇಲಿನದಕ್ಕೆ ಆಸರೆ. ಅದನ್ನು ತೆಗೆದರೆ ಉಳಿದದ್ದೂ ಬರುತ್ತದೆ, ಗಾಡಿಯ ಮೇಲೆಯೇ. ನೆಲ ಒಣಗಿದ ಮೇಲೆ, ಡಿಸೆಂಬರಿನಲ್ಲಿ, ಮೇಲಿನಿಂದ ಶುರು ಮಾಡಿದೆವು. 5 ಅಡಿ ಎತ್ತರಕ್ಕೆ ಒಂದರಂತೆ 4 ಅಡಿ ಅಗಲದ ಮೆಟ್ಟಿಲು ಕಡಿದು, ಪ್ರತಿ ಮೆಟ್ಟಿಲಿನ ಒಳಬದಿಗೆ ಕಲ್ಲಿನ ಚರಂಡಿ ಕೊಟ್ಟು, ಬುಡದ ಮಣ್ಣನ್ನು ಕೊನೆಗೆ ತೆಗೆದೆವು. ಮೆಟ್ಟಿಲಿಗಾಗಿ ಮೇಲಿನ ಮನೆಯ ಅಣ್ಣ ಹಿತ್ತಲಿನ ಜಾಗ ಬಿಟ್ಟುಕೊಟ್ಟ. ಅಡುಗೆಮನೆಯನ್ನು ಬೀದಿ ಕಡೆಗೆ ತಂದೆವು, ಹಳೆಯದರಲ್ಲಿ ಈಗ ಕಟ್ಟಿಗೆ ಒಟ್ಟಿದ್ದೇವೆ.