ಹಾಸ್ಟೆಲ್‌ನಿಂದ ಅಮ್ಮನಿಗೆ ಅಳತೆ ಚೀಟಿ: ಬರೆಯುವುದು ಹೇಗೆ?

ದೀಪಾವಳಿಗೆ ಊರಲ್ಲಿ ಬಟ್ಟೆ ತೆಗೆಯುತ್ತಾರೆ, ಮಗಳು ಮಾತ್ರ ಹಾಸ್ಟೆಲ್‌ನಲ್ಲಿ. ಅಂಗಡಿಯಲ್ಲಿ ನಿಂತ ಅಮ್ಮನಿಗೆ ಅವಳ ಹೋದ ವರ್ಷದ ಮೈಕಟ್ಟು ಮಾತ್ರ ನೆನಪಿರುತ್ತದೆ. ಮೊಬೈಲ್ ಬಿಡದ ಪಿಯು ಹಾಸ್ಟೆಲ್ ಆದರೆ ಅಲ್ಲಿಂದಲೇ ಫೋನ್ ಮಾಡಿ ಕೇಳುವ ಹಾಗೂ ಇಲ್ಲ. ಆಗ ಕೆಲಸಕ್ಕೆ ಬರುವುದು ಮೊದಲೇ ಬರೆದು ಕಳಿಸಿದ ಚೀಟಿ. ಅದರಲ್ಲಿ ‘ಟಾಪ್ ಎಂ, ಪ್ಯಾಂಟ್ 28’ ಎಂದಷ್ಟೇ ಇದ್ದರೆ ಸಾಲದು. ಒಂದು ಕಂಪನಿಯ ಎಂ ಇನ್ನೊಂದರ ಎಲ್‌ಗೆ ಸಮ ಇರುತ್ತದೆ.

ಮೂಡುಬಿದಿರೆಯಲ್ಲಿ ಓದುವ, ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಮನೆಗೆ ಚೀಟಿ ಬರೆಯುತ್ತಿದ್ದಾಳೆ ಎಂದುಕೊಳ್ಳೋಣ. ಬೇಕಾಗಿರುವುದು ಎರಡು ಕಾಟನ್ ಟಾಪ್, ಒಂದು ಜೀನ್ಸ್, ಒಂದಿಷ್ಟು ಒಳಉಡುಪು.

ಮೈಯನ್ನಲ್ಲ, ಬಟ್ಟೆಯನ್ನು ಅಳೆಯಿರಿ

ನಿಮ್ಮಲ್ಲಿರುವ ಟಾಪ್‌ಗಳಲ್ಲಿ ಈಗ ಸರಿಯಾಗಿ ಕೂರುವ ಒಂದನ್ನು ಆರಿಸಿ. ಇಷ್ಟದ್ದು ಅಂತಲ್ಲ, ಕೈ ಎತ್ತಿದರೂ ಕುಳಿತರೂ ಎಲ್ಲೂ ಹಿಡಿಯದಂಥದ್ದು. ಅದನ್ನು ಮಂಚದ ಮೇಲೆ ಸುಕ್ಕಿಲ್ಲದಂತೆ ಹರಡಿ.

ಟೇಪ್ ಇಲ್ಲದಿದ್ದರೂ ಚಿಂತೆಯಿಲ್ಲ. ಎಳೆದರೆ ಉದ್ದವಾಗದ ಹೊಲಿಗೆ ದಾರ ಮತ್ತು ಜಾಮಿಟ್ರಿ ಬಾಕ್ಸಿನ 15 ಸೆಂ.ಮೀ. ಸ್ಕೇಲ್ ಸಾಕು. ಉಲನ್ ಬೇಡ, ಅದು ಹಿಗ್ಗುತ್ತದೆ. ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದು ಕಂಕುಳ ಹೊಲಿಗೆಗೆ ದಾರವನ್ನು ನೇರವಾಗಿ ಹಿಡಿದು ಕತ್ತರಿಸಿ. ನಮ್ಮ ಹುಡುಗಿಯ ದಾರ ಸ್ಕೇಲಿನ ಮೂರು ಉದ್ದದ ಮೇಲೆ 4 ಸೆಂ.ಮೀ. ಬಂತು. ಅಂದರೆ 49. ಇದು ಮುಂಭಾಗ ಮಾತ್ರ, ಸುತ್ತಳತೆ ಬೇಕೆಂದರೆ ಎರಡರಷ್ಟು, 98. ಇಂಚಿಗೆ ತಿರುಗಿಸಲು 2.54ರಿಂದ ಭಾಗಿಸಿದರೆ ಹತ್ತಿರಹತ್ತಿರ 38 ಅರೆ ಇಂಚು.

ಅವಳ ಮೈಯ ಎದೆ ಸುತ್ತಳತೆ 35 ಇಂಚು. ಟಾಪ್ ಅದಕ್ಕಿಂತ ಮೂರೂವರೆ ಇಂಚು ಸಡಿಲ. ಉಸಿರಾಡಲು, ಕೈ ಆಡಿಸಲು ಅಷ್ಟು ಬೇಕೇ ಬೇಕು. ಅಮ್ಮಂದಿರು ಎಡವುವುದು ಇಲ್ಲೇ. ಚೀಟಿಯಲ್ಲಿ ಬರೀ ‘ಎದೆ 35’ ಎಂದಿದ್ದರೆ ಅಂಗಡಿಯವರು 36ರ ಟಾಪ್ ಕೊಡುತ್ತಾರೆ. ಆ 36 ಬಟ್ಟೆಯ ಅಳತೆಯಾಗಿದ್ದರೆ ಟಾಪ್ ಬಿಗಿಯಾಗುತ್ತದೆ. ಲೇಬಲ್‌ನ ಸಂಖ್ಯೆ ಕೆಲವರಿಗೆ ಮೈಯ ಅಳತೆ, ಕೆಲವರಿಗೆ ಬಟ್ಟೆಯ ಅಳತೆ. ಹಾಗಾಗಿ ‘38 ಅರೆ, ಇದು ಬಟ್ಟೆಯ ಸುತ್ತಳತೆ’ ಎಂದು ಬಿಡಿಸಿ ಬರೆಯಬೇಕು.

ಇನ್ನೊಂದು ಅಳತೆ ಭುಜದ್ದು. ಬೆನ್ನ ಕಡೆಯಿಂದ, ಒಂದು ತೋಳು ಕೂಡುವ ಹೊಲಿಗೆಯಿಂದ ಇನ್ನೊಂದಕ್ಕೆ. ಎದೆ, ಸೊಂಟ ದೊಡ್ಡದಾದರೆ ಟೈಲರ್ ಹತ್ತಿರ ಸೈಡ್ ಹಿಡಿಸಬಹುದು. ಭುಜ ಇಳಿದುಬಿದ್ದರೆ ತೋಳನ್ನೇ ಬಿಚ್ಚಿ ಕೂರಿಸಬೇಕು. ಆ ಕೂಲಿಗೆ ಇನ್ನೊಂದು ಕಡಿಮೆ ಬೆಲೆಯ ಟಾಪ್ ಬಂದೀತು. ಎರಡು ಸೈಜಿನ ನಡುವೆ ಗೊಂದಲವಾದರೆ, ಭುಜ ಸರಿ ಇರುವವರೆಗೆ ದೊಡ್ಡದೇ ಇರಲಿ ಎಂದು ಚೀಟಿಯಲ್ಲೇ ಹೇಳಿಬಿಡಿ. ರೆಡಿಮೇಡ್‌ನಲ್ಲಿ ಒಳಗೆ ಬಿಟ್ಟ ಬಟ್ಟೆ ಕಡಿಮೆ, ಬಿಚ್ಚಿ ದೊಡ್ಡದು ಮಾಡುವುದು ಕಷ್ಟ.

ಉದ್ದವನ್ನು ಕುತ್ತಿಗೆ ಪಕ್ಕದ ಭುಜದಿಂದ ಕೆಳಗಿನ ಅಂಚಿನವರೆಗೆ ಅಳೆಯಿರಿ. ನೀವು ಅಳೆದ ಟಾಪ್ ಹತ್ತಾರು ಸಲ ನೀರು ಕಂಡು ಈಗಾಗಲೇ ಕುಗ್ಗಿದೆ. ಅಂಗಡಿಯದು ಇನ್ನೂ ಕುಗ್ಗಿಲ್ಲ. ಕಾಟನ್ ಆದರೆ ಉದ್ದಕ್ಕೆ ಒಂದು ಇಂಚು ಸೇರಿಸಿಯೇ ಬರೆಯಿರಿ.

ಜೀನ್ಸ್‌ಗೆ ಎರಡು ಸಂಖ್ಯೆ

ಪ್ಯಾಂಟ್ ಲೇಬಲ್‌ನಲ್ಲಿ 28 ಎಂದಿದ್ದರೂ ಸೊಂಟದ ಪಟ್ಟಿ 28 ಇಂಚೇ ಇರುತ್ತದೆ ಎಂದುಕೊಳ್ಳಬೇಡಿ. ಗುಂಡಿ ಹಾಕಿ, ಹರಡಿ ಅಳೆಯಿರಿ. ನಮ್ಮ ಹುಡುಗಿಯ 28ರ ಜೀನ್ಸಿನ ಪಟ್ಟಿ ಅಡ್ಡಕ್ಕೆ 39 ಸೆಂ.ಮೀ., ಅಂದರೆ ಸುತ್ತ 78, ಇಂಚಿನಲ್ಲಿ 30 ಮುಕ್ಕಾಲು. ಕಂಪನಿಗಳು ಸಣ್ಣ ಸಂಖ್ಯೆ ಹಾಕಿ ಖುಷಿಪಡಿಸುವುದು ಹೊಸದೇನಲ್ಲ. ಅದಕ್ಕೇ ಎರಡನ್ನೂ ಬರೆಯಿರಿ. ಜೊತೆಗೆ ಕಾಲಿನ ಒಳ ಉದ್ದ, ಅಂದರೆ ತೊಡೆಸಂದಿನ ಹೊಲಿಗೆಯಿಂದ ಕೆಳಗಿನ ಮಡಿಕೆಯವರೆಗೆ.

ಒಳಉಡುಪಿಗೆ ಬೇರೆ ಚೀಟಿ

ಅಂಗಡಿಗೆ ಅಪ್ಪನೂ ಹೋಗುತ್ತಾರೆ, ಚೀಟಿ ಎಲ್ಲರ ಕೈಗೂ ಸಿಗುತ್ತದೆ. ಮುಜುಗರ ಅನಿಸಿದರೆ ಇದನ್ನು ಬೇರೆ ಕಾಗದದಲ್ಲಿ ಬರೆದು ಮಡಿಚಿಡಿ, ಆದರೆ ಬರೆಯದೇ ಬಿಡಬೇಡಿ. ಇಲ್ಲಿ ಲೆಕ್ಕ ಉಲ್ಟಾ. ಬನಿಯನ್, ಚಡ್ಡಿ ಪೆಟ್ಟಿಗೆಯ ಮೇಲಿನ 80, 85, 90 ಸೆಂಟಿಮೀಟರ್, ಅದೂ ಮೈಯ ಅಳತೆ. ಹೆಣೆದ ಬಟ್ಟೆ ಹಿಗ್ಗುವುದರಿಂದ ಸಡಿಲ ಸೇರಿಸಬಾರದು. ‘85 ಸೆಂ.ಮೀ.’ ಎಂದು ಹಾಗೇ ಬರೆಯಿರಿ, ಇಂಚಿಗೆ ತಿರುಗಿಸಲು ಹೋಗಬೇಡಿ. ಬ್ರಾ ಸೈಜಿನಲ್ಲಿ ಸಂಖ್ಯೆ ಮತ್ತು ಅಕ್ಷರ ಎರಡೂ ಬೇಕು. ಈಗ ಹಾಕುತ್ತಿರುವುದರ ಪಟ್ಟಿ ಬಿಗಿಯೋ ಸಡಿಲವೋ ಎಂದೂ ಒಂದು ಮಾತು ಸೇರಿಸಿ.

ದಾರವನ್ನೂ ಕಳಿಸಿ

ಅಳೆದ ದಾರವನ್ನು ಬಿಸಾಡಬೇಡಿ. ಎದೆಯ ದಾರಕ್ಕೆ ಒಂದು ಗಂಟು, ಭುಜದ ದಾರಕ್ಕೆ ಎರಡು, ಉದ್ದದ ದಾರಕ್ಕೆ ಮೂರು. ಗಂಟಿಗೂ ದಾರ ಖರ್ಚಾಗುತ್ತದೆ, ಹಾಗಾಗಿ ಗಂಟು ಹಾಕಿಕೊಂಡೇ ಅಳೆದು ಕತ್ತರಿಸಿ. ಚೀಟಿಗೆ ಪಿನ್ ಮಾಡಿ ಕಳಿಸಿದರೆ ಅಂಗಡಿಯ ಕೌಂಟರ್ ಮೇಲೆ ಟಾಪ್ ಹರಡಿ ಅಮ್ಮ ದಾರ ಇಟ್ಟು ನೋಡಬಹುದು. ಇಂಚು, ಸೆಂಟಿಮೀಟರ್ ಯಾವುದರ ಗೊಡವೆಯೂ ಇಲ್ಲ. ನನ್ನನ್ನು ಕೇಳಿದರೆ ಚೀಟಿಯ ಬರಹಕ್ಕಿಂತ ಈ ದಾರವನ್ನೇ ಜಾಸ್ತಿ ನಂಬಬಹುದು.

ಕೊನೆಗೆ ಚೀಟಿ ಹೀಗಾಯಿತು:

“ಅಮ್ಮಾ, ಕಾಟನ್ ಟಾಪ್ ಎರಡು. ಎದೆ 38 ಅರೆ ಇಂಚು, ಬಟ್ಟೆ ಸುತ್ತಳತೆ, ನನ್ನದಲ್ಲ. ಭುಜ 14. ಉದ್ದ 43 (ಕುಗ್ಗುತ್ತೆ ಅಂತ ಒಂದು ಇಂಚು ಸೇರಿಸಿದೀನಿ, ಮೂರು ಗಂಟಿನ ದಾರಕ್ಕಿಂತ ಸ್ವಲ್ಪ ಉದ್ದ ಇರಲಿ). ಎಂ ಅಥವಾ ಎಲ್ ಅಂತ ಕೇಳ್ಬೇಡ, ದಾರ ಇಟ್ಟು ನೋಡು. ಮಧ್ಯೆ ಬಂದ್ರೆ ದೊಡ್ಡದೇ ತಗೋ, ಭುಜ ಮಾತ್ರ ಜಾಸ್ತಿ ಆಗ್ಬಾರ್ದು. ತೋಳು ಮುಕ್ಕಾಲು ಇರ್ಲಿ, ಸ್ಲೀವ್‌ಲೆಸ್ ಇಲ್ಲಿ ಬಿಡಲ್ಲ. ಬಿಳಿ ಬೇಡ, ಇಲ್ಲಿನ ನೀರಿಗೆ ಉಳಿಯಲ್ಲ.

ಜೀನ್ಸ್ ಒಂದು. ಲೇಬಲ್ 28, ಆದ್ರೆ ಪಟ್ಟಿ ಅಳೆದ್ರೆ 30 ಮುಕ್ಕಾಲು ಇರ್ಬೇಕು. ಒಳ ಉದ್ದ 27.

ಬೀರುನಲ್ಲಿರೋ ಹಸಿರು ಟಾಪ್ ಅಳತೆಗೆ ಒಯ್ಯಬೇಡ. ಅದು ಈಗ ಎದೆ ಹತ್ರ ಹಿಡಿಯುತ್ತೆ.”

ಕೊನೆಯ ಸಾಲು ಬಿಡಬೇಡಿ. ಮನೆಯಲ್ಲಿ ಹಳೆ ಬಟ್ಟೆ ಇದ್ದೇ ಇರುತ್ತದೆ, ಅಮ್ಮ ಅದನ್ನೇ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ. ಟಾಪ್ ಪೀಸ್ ತೆಗೆದು ಹೊಲಿಸುವುದಾದರೆ ಟೈಲರ್‌ಗೆ ಆ ಹಸಿರು ಟಾಪೇ ಅಳತೆಗೆ ಬೇಕು. ಆಗ ‘ಎದೆಗೆ ಒಂದೂವರೆ ಇಂಚು ಜಾಸ್ತಿ, ಒಳಗೆ ಹೊಲಿಗೆಗೆ ಬಟ್ಟೆ ಬಿಡಲಿ’ ಎಂದು ವ್ಯತ್ಯಾಸವನ್ನಷ್ಟೇ ಬರೆದರೆ ಆಯಿತು.

ಎಷ್ಟು ದಿನದೊಳಗೆ ಬದಲಾಯಿಸಿ ಕೊಡುತ್ತೀರಿ ಎಂದು ಅಂಗಡಿಯಲ್ಲಿ ಕೇಳಿ, ಬಿಲ್ಲಿನ ಹಿಂದೆ ಬರೆದಿಟ್ಟುಕೊಳ್ಳಲು ಅಮ್ಮನಿಗೆ ಹೇಳಿ. ಒಳಉಡುಪನ್ನು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಬಟ್ಟೆ ತಲುಪಿದ ದಿನವೇ, ಅಪ್ಪ ಅಮ್ಮ ಹಾಸ್ಟೆಲ್‌ನಿಂದ ಹೊರಡುವ ಮೊದಲೇ, ಟ್ಯಾಗ್ ಕೀಳದೆ ಹಾಕಿ ನೋಡಿ. ಆಗದಿದ್ದರೆ ಬಿಲ್ಲಿನ ಸಮೇತ ಅವರ ಜೊತೆಗೇ ವಾಪಸ್ ಕಳಿಸಿ. ದಾರಗಳೂ ಹೋಗಲಿ, ಬದಲಾಯಿಸುವಾಗ ಮತ್ತೆ ಬೇಕಾಗುತ್ತವೆ.