ಇನ್ನೂರರಲ್ಲಿ ಹದಿಮೂರು: ಫೋಟೋದಲ್ಲಿ ಬಂದ ಒಂದು ಲೆಕ್ಕ

ಪುಣೆಯ ಭೋಸರಿಯಲ್ಲಿ ಲೇತ್ ಮೇಲೆ ಬುಷ್, ಅಂದರೆ ನಡುವೆ ರಂಧ್ರವಿರುವ ಕೊಳವೆಯಂಥ ಬಿಡಿಭಾಗ, ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ ನನ್ನ ಕೆಲಸ. ಡಿಪ್ಲೊಮಾ ಓದುತ್ತಿರುವ ನಮ್ಮ ಅಕ್ಕನ ಮಗಳು ಒಂದು ರಾತ್ರಿ ತನ್ನ ಪುಸ್ತಕದ ಲೆಕ್ಕವೊಂದರ ಫೋಟೋ ಕಳಿಸಿ, "ಮಾಮಾ, ನಂದು 0.1168 ಬಂದೈತ್ರಿ, ಪುಸ್ತಕದ ಹಿಂದ 0.0745 ಕೊಟ್ಟಾರ. ಎಲ್ಲಿ ತಪ್ಪೇತಿ ನೋಡ್ರಿ" ಎಂದು ಬರೆದಿದ್ದಳು. ಲೆಕ್ಕ ಇಷ್ಟೇ: ಒಂದು ಯಂತ್ರದಿಂದ ಬರುವ ಭಾಗಗಳಲ್ಲಿ ಶೇಕಡಾ 4ರಷ್ಟು ದೋಷಯುಕ್ತವಾಗಿರುತ್ತವೆ, ಇಂತಿಷ್ಟು ಭಾಗಗಳ ಮಾದರಿಯನ್ನು ತೆಗೆದಾಗ ಅದರಲ್ಲಿ ದೋಷಯುಕ್ತ ಭಾಗಗಳ ಅನುಪಾತ ಶೇಕಡಾ 6ನ್ನು ಮೀರುವ ಸಂಭವನೀಯತೆ ಎಷ್ಟು?

"ಇಂತಿಷ್ಟು" ಎಂದು ನಾನು ಬರೆದದ್ದಕ್ಕೆ ಕಾರಣವಿದೆ. ಪುಸ್ತಕದ ಬೆನ್ನಿನ ಕಡೆಗೆ ಹಾಳೆ ಬಾಗಿ, ಅಲ್ಲಿ ಅವಳ ಕೈಯ ನೆರಳು ಬಿದ್ದು, ಮಾದರಿಯ ಗಾತ್ರ ನನ್ನ ಕಣ್ಣಿಗೆ 260 ಎಂದು ಕಂಡಿತು. ಅದನ್ನೇ ಹಿಡಿದು ಲೆಕ್ಕ ಮಾಡಿದೆ. ಉತ್ತರ 0.0499 ಬಂತು. ಹೆಚ್ಚುಕಡಿಮೆ ಶೇಕಡಾ 5 ಎನ್ನುವ ಅಂಥ ಅಚ್ಚುಕಟ್ಟಾದ ಸಂಖ್ಯೆಯನ್ನು ನೋಡಿದಾಗ ಅದೇ ಸರಿ, ಪುಸ್ತಕದ ಉತ್ತರವೇ ಅಚ್ಚಿನ ತಪ್ಪು ಎಂದು ನಂಬಿಬಿಡುವುದು ಬಹಳ ಸುಲಭ, ನಾನೂ ಕ್ಷಣಕಾಲ ನಂಬಿದೆ. ಆದರೆ 260ರ ಶೇಕಡಾ 6 ಎಂದರೆ 15.6 ಆಗುತ್ತದೆ. ಬುಷ್‌ಗಳು ಬಿಡಿಬಿಡಿಯಾಗಿ ಎಣಿಕೆಗೆ ಸಿಗುವ ವಸ್ತುಗಳಾದ್ದರಿಂದ ಪಠ್ಯಪುಸ್ತಕ ಬರೆಯುವವರು ಇಂಥ ಕಡೆ ಸಾಮಾನ್ಯವಾಗಿ ಪೂರ್ಣಸಂಖ್ಯೆ ಬರುವಂತೆ ಅಂಕಿಗಳನ್ನು ಆರಿಸುತ್ತಾರೆ. ಆ ಅನುಮಾನದಿಂದ, ಪುಸ್ತಕವನ್ನು ಚಪ್ಪಟೆಯಾಗಿ ಒತ್ತಿ ಹಿಡಿದು ಮತ್ತೊಂದು ಫೋಟೋ ಕಳಿಸಲು ಹೇಳಿದೆ. ಅದರಲ್ಲಿ 200 ಎಂದು ಸ್ಪಷ್ಟವಾಗಿತ್ತು. ಇನ್ನೂರರ ಶೇಕಡಾ 6 ಎಂದರೆ ಸರಿಯಾಗಿ 12.

ಈಗ ಅವಳ ತಪ್ಪಿನ ಕಡೆಗೆ ಬರೋಣ. ಮಾದರಿಯ ಅನುಪಾತವು ಒಂದು ಮಾದರಿಯಿಂದ ಇನ್ನೊಂದಕ್ಕೆ ಎಷ್ಟು ಏರಿಳಿಯುತ್ತದೆ ಎಂಬುದನ್ನು ತೋರಿಸುವ ಮಾನಕ ದೋಷವನ್ನು ಅವಳು 0.06 ಬಳಸಿ ಕಂಡುಹಿಡಿದಿದ್ದಳು. ಅದು ಕೂಡದು. ಯಂತ್ರದ ನಿಜವಾದ ದೋಷಪ್ರಮಾಣ 0.04 ಎಂದು ಲೆಕ್ಕವೇ ಕೊಟ್ಟಿದೆ, 0.06 ಎಂಬುದು ನಾವು ದಾಟುತ್ತದೆಯೇ ಎಂದು ನೋಡುತ್ತಿರುವ ಗೆರೆ ಮಾತ್ರ. ಏರಿಳಿತವನ್ನು ಹುಟ್ಟಿಸುವುದು ಯಂತ್ರವೇ ಹೊರತು ನಾವು ಎಳೆದ ಗೆರೆಯಲ್ಲ. ಆದ್ದರಿಂದ ವರ್ಗಮೂಲದೊಳಗೆ ಹೋಗಬೇಕಾದದ್ದು 0.04 ಮತ್ತು 0.96. ಕೆಳಗೆ SE ಎಂದರೆ ಮಾನಕ ದೋಷ, z ಎಂದರೆ ನಮ್ಮ ಗೆರೆ 0.04ರಿಂದ ಎಷ್ಟು ಮಾನಕ ದೋಷಗಳಷ್ಟು ದೂರವಿದೆ ಎಂಬುದು, ಕೊನೆಯ ಸಾಲಿನ ಸಂಭವನೀಯತೆ ಪ್ರಸಾಮಾನ್ಯ ವಿತರಣೆಯಿಂದ ಬಂದದ್ದು:

```
SE = √(0.04 × 0.96 / 200) = 0.01386
z  = (0.06 − 0.04) / 0.01386 = 1.443
P(Z > 1.443) = 0.0745
```

ಪುಸ್ತಕದ ಉತ್ತರ ಸಿಕ್ಕಿತು, ಅವಳಿಗೂ ಸಮಾಧಾನವಾಯಿತು. ನನಗೆ ಮಾತ್ರ ಅಲ್ಲಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ, ಏಕೆಂದರೆ ದಿನವೂ ರಂಧ್ರದ ಅಳತೆ ನೋಡುವ ಪ್ಲಗ್ ಗೇಜ್ ಹಿಡಿದು ಇನ್ನೂರು ಬುಷ್ ಎಣಿಸುವವನಿಗೆ "ಶೇಕಡಾ 6ನ್ನು ಮೀರುವುದು" ಎಂದರೆ ಕೆಂಪು ತಟ್ಟೆಯಲ್ಲಿ ಹದಿಮೂರನೆಯ ಬುಷ್ ಬೀಳುವುದು ಎಂದೇ ಅರ್ಥ. ಹನ್ನೆರಡು ಬಿದ್ದರೆ ಸರಿಯಾಗಿ ಶೇಕಡಾ 6 ಆಗುತ್ತದೆ, ಮೀರಿದಂತಾಗುವುದಿಲ್ಲ. ಹನ್ನೆರಡೂವರೆ ಬುಷ್ ಎಂಬುದಿಲ್ಲ. ಪ್ರಸಾಮಾನ್ಯ ವಿತರಣೆಯ ನುಣುಪಾದ ವಕ್ರರೇಖೆಗೆ ಮಾತ್ರ ಈ ಮೆಟ್ಟಿಲುಗಳ ಪರಿವೆಯಿಲ್ಲ. ಅದು ಹನ್ನೆರಡನೆಯ ಮೆಟ್ಟಿಲಿನ ನಡುಮಧ್ಯೆ ಕತ್ತರಿಸಿ, ಹನ್ನೆರಡೇ ಬೀಳುವ ಸಂಭವದಲ್ಲಿ ಒಂದು ಪಾಲನ್ನು ನಮ್ಮ ಉತ್ತರಕ್ಕೆ ಸೇರಿಸಿಬಿಡುತ್ತದೆ. ಹಾಗಾಗಿ ಬಿಡಿ ಎಣಿಕೆಗಳ ಸಂಭವವನ್ನೇ ಕೊಡುವ ದ್ವಿಪದ ವಿತರಣೆಯಿಂದ ನೇರವಾಗಿಯೇ ನೋಡೋಣವೆಂದು ಎಕ್ಸೆಲ್‌ನಲ್ಲಿ ಹೀಗೆ ಹಾಕಿದೆ:

```
=1-BINOM.DIST(12,200,0.04,TRUE)
```

ಬಂದದ್ದು 0.0599. ಪುಸ್ತಕದ 0.0745ಕ್ಕೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ಪ್ರಶ್ನೆಯಲ್ಲಿ "ಶೇಕಡಾ 6 ಅಥವಾ ಹೆಚ್ಚು" ಎಂದಿದ್ದರೆ ಹನ್ನೆರಡನ್ನೂ ಸೇರಿಸಿಕೊಂಡು, ಸೂತ್ರದಲ್ಲಿ 12ರ ಬದಲು 11 ಹಾಕಬೇಕಿತ್ತು. ಆಗ ಉತ್ತರ 0.1075. ಅಂದರೆ "ಮೀರುವ" ಎಂಬ ಒಂದು ಪದ ಇದ್ದರೆ ನೂರಕ್ಕೆ ಆರು, ಇಲ್ಲದಿದ್ದರೆ ನೂರಕ್ಕೆ ಸುಮಾರು ಹನ್ನೊಂದು. ಫೋಟೋದಲ್ಲಿ ಅಂಕಿಗಳಷ್ಟೇ ಎಚ್ಚರದಿಂದ ಈ ಪದವನ್ನೂ ಓದಬೇಕು. ಪುಸ್ತಕದ ವಿಧಾನವು ಈ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ಕೊಡುತ್ತದೆ, ಮತ್ತು ಆ ಉತ್ತರ ಇವೆರಡರ ನಡುವೆ ಎಲ್ಲೋ ಬಂದು ಕೂರುತ್ತದೆ.

ಅರ್ಧ ಮೆಟ್ಟಿಲು ಸರಿಸಿ, 12ರ ಬದಲು 12.5ನ್ನು ಗೆರೆಯಾಗಿಟ್ಟುಕೊಳ್ಳುವ ತಿದ್ದುಪಡಿಯೂ ಒಂದಿದೆ. ಅದನ್ನು ಮಾಡಿದರೆ z 1.624 ಆಗಿ, ಸಂಭವನೀಯತೆ 0.0522 ಬರುತ್ತದೆ, ನಿಜವಾದ 0.0599ಕ್ಕೆ ಹತ್ತಿರವಾದರೂ ಸ್ವಲ್ಪ ಕಡಿಮೆಯೇ. ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ಇನ್ನೂರರಲ್ಲಿ ಸರಾಸರಿ ಎಂಟು ಬುಷ್ ಕೆಡುತ್ತವೆ. ಎಂಟರಿಂದ ಕೆಳಗೆ ಇಳಿಯಲು ಸೊನ್ನೆಯವರೆಗಷ್ಟೇ ಜಾಗವಿದೆ, ಮೇಲೆ ಏರಲು ಬೇಕಾದಷ್ಟಿದೆ. ಹೀಗಾಗಿ ವಿತರಣೆಯ ಬಾಲ ಬಲಗಡೆಗೆ ಉದ್ದವಾಗಿ ಚಾಚಿಕೊಳ್ಳುತ್ತದೆ, ಎರಡೂ ಕಡೆ ಸಮನಾಗಿರುವ ವಕ್ರರೇಖೆ ಆ ಬಾಲವನ್ನು ಪೂರ್ತಿ ಹಿಡಿಯುವುದಿಲ್ಲ. ಈ ವಕ್ರರೇಖೆಯನ್ನು ಬಳಸಲು ಕೆಲವು ಪುಸ್ತಕಗಳು ಸರಾಸರಿ ಎಣಿಕೆ 5 ಇದ್ದರೆ ಸಾಕು ಎನ್ನುತ್ತವೆ, ಕೆಲವು 10 ಬೇಕು ಎನ್ನುತ್ತವೆ. ನಮ್ಮ ಎಂಟು ಅವೆರಡರ ನಡುವೆ ಇದೆ. ನನ್ನ ಅಭಿಪ್ರಾಯದಲ್ಲಿ ದೋಷಪ್ರಮಾಣ ಇಷ್ಟು ಚಿಕ್ಕದಿರುವಾಗ ಪರೀಕ್ಷೆಯಲ್ಲಿ ಪುಸ್ತಕದ ವಿಧಾನವನ್ನೇ ಬರೆಯಬೇಕು, ಕಾರ್ಖಾನೆಯಲ್ಲಿ ನೇರ ಎಣಿಕೆಯ ಲೆಕ್ಕವನ್ನೇ ನಂಬಬೇಕು. ಅವಳಿಗೂ ಹಾಗೆಯೇ ಹೇಳಿದೆ.

ಆದರೆ ಈ ಯಾವ ಲೆಕ್ಕವೂ ನಿಲ್ಲದ ಸಂದರ್ಭವೊಂದಿದೆ, ಅದನ್ನು ನಾನು ಕಂಡದ್ದು ಪುಸ್ತಕದಲ್ಲಲ್ಲ. ಒಮ್ಮೆ ಪಾಳಿಯ ಕೊನೆಯಲ್ಲಿ, ಕೈಗೆ ಹತ್ತಿರವಿದೆ ಎಂಬ ಕಾರಣಕ್ಕೆ ಕಡೆಯ ಟ್ರೇಗಳಿಂದಲೇ ಸಾಲಾಗಿ ಇನ್ನೂರು ಬುಷ್ ತೆಗೆದು ನೋಡಿದೆ. ಹತ್ತೊಂಬತ್ತು ಕೆಟ್ಟವು ಸಿಕ್ಕವು, ಅದರಲ್ಲೂ ಹೆಚ್ಚಿನವು ಒಂದರ ಹಿಂದೊಂದು. ಸರಿಯಾದ ರಂಧ್ರದೊಳಗೆ ಹೋಗಲೇಬೇಕಾದ ಗೇಜಿನ ಗೋ ತುದಿಯೇ ಒಳಗೆ ಹೋಗದಷ್ಟು ರಂಧ್ರ ಬಿಗಿಯಾಗಿತ್ತು. ಬೋರಿಂಗ್ ಟೂಲಿನ ಮೂಲೆ ಸವೆದಿತ್ತು. ಪ್ರತಿ ಭಾಗವೂ ಉಳಿದವುಗಳ ಹಂಗಿಲ್ಲದೆ ನೂರಕ್ಕೆ ನಾಲ್ಕರ ಸಂಭವದಲ್ಲಿ ಕೆಡುತ್ತದೆ ಎಂಬ ಊಹೆಯ ಮೇಲೆ ನಮ್ಮ ಸೂತ್ರ ನಿಂತಿದೆ, ಆದರೆ ಟೂಲ್ ಸವೆದ ಮೇಲೆ ಒಂದು ಕೆಟ್ಟರೆ ಅದರ ಮುಂದಿನದೂ ಕೆಡುತ್ತದೆ. ಆಗ 0.0599 ಎಂಬ ಸಂಖ್ಯೆಗೆ ಬೆಲೆಯಿಲ್ಲ. ಇದನ್ನು ಗುರುತಿಸಲು ಎಣಿಕೆಯೊಂದೇ ಸಾಲದು, ಕೆಟ್ಟವು ಯಾವ ಕ್ರಮದಲ್ಲಿ ಬಂದವು ಎಂದು ನೋಡಬೇಕು.

ಅಂದಿನಿಂದ ಪಾಳಿಯ ಎಂಟು ಗಂಟೆಗಳಲ್ಲಿ ಗಂಟೆಗೆ 25ರಂತೆ ತೆಗೆಯುತ್ತೇನೆ, ಕೆಟ್ಟ ಪ್ರತಿ ಬುಷ್ ಎದುರು ಗಂಟೆಯನ್ನೂ ಬರೆದಿಡುತ್ತೇನೆ. ಒಟ್ಟು ಹದಿಮೂರು ಬಂದು, ಅವು ಎಲ್ಲ ಗಂಟೆಗಳಲ್ಲೂ ಚದುರಿದ್ದರೆ, ಯಂತ್ರ ಎಂದಿನಂತೆ ಇದ್ದರೂ ನೂರು ಪಾಳಿಗಳಲ್ಲಿ ಸುಮಾರು ಆರು ಸಲ ಹದಿಮೂರೋ ಅದಕ್ಕಿಂತ ಹೆಚ್ಚೋ ಬರುತ್ತವೆ ಎಂದು ತಿಳಿದು, ಯಂತ್ರ ನಿಲ್ಲಿಸದೆ ಮರುಪಾಳಿಯ ಮಾದರಿಗಾಗಿ ಕಾಯುತ್ತೇನೆ. ಅದರಲ್ಲೂ ಹದಿಮೂರೋ ಅದಕ್ಕಿಂತ ಹೆಚ್ಚೋ ಬಂದರೆ, ಸರಿಯಿರುವ ಯಂತ್ರದಲ್ಲಿ ಎರಡು ಪಾಳಿಗಳಲ್ಲೂ ಹಾಗಾಗುವ ಸಂಭವ 0.0599ರ ವರ್ಗ, ಅಂದರೆ ಸಾವಿರಕ್ಕೆ ನಾಲ್ಕಕ್ಕಿಂತ ಕಡಿಮೆ. ಆಗ ಸೆಟ್ಟರ್‌ನನ್ನು ಕರೆದು ಯಂತ್ರ ನಿಲ್ಲಿಸಲು ಹೇಳುತ್ತೇನೆ.