ಅರ್ಧ ಲೋಟ ನೀರು, ಒಂದು ಚಿಟಿಕೆ ಅರಿಶಿನ: ಪುಟಾಣಿಗಳಿಗೆ ಕೈತೊಳೆಯುವ ಆಟ

ಕೊಪ್ಪಳ, ರಾಯಚೂರು, ವಿಜಯಪುರದ ಕಡೆ ಮಾರ್ಚ್ ಬಂತೆಂದರೆ ಶಾಲೆಯ ನಲ್ಲಿಗಳು ಒಣಗಿ ನಿಲ್ಲುತ್ತವೆ. ಎರಡು ದಿನಕ್ಕೊಮ್ಮೆ ಬರುವ ಟ್ಯಾಂಕರ್ ನೀರಲ್ಲೇ ಅಡುಗೆ, ಶೌಚಾಲಯ ಎಲ್ಲ ನಡೆಯಬೇಕು. ಆಗ ಮೊದಲು ಕತ್ತರಿ ಬೀಳೋದು ಎಲ್‌ಕೆಜಿ, ಯುಕೆಜಿ ಮಕ್ಕಳ ಕೈತೊಳೆಯುವ ನೀರಿಗೆ. ಆದರೆ ಕೈ ಶುಚಿಯಾಗಲು ಜಾಸ್ತಿ ಬೇಕಿರುವುದು ಉಜ್ಜಾಟ, ನೀರಲ್ಲ. ನೀರು ಬೇಕಾಗುವುದು ಎರಡೇ ಸಲ: ಮೊದಲು ಕೈ ಒದ್ದೆ ಮಾಡಲು, ಕೊನೆಗೆ ಸೋಪು ತೊಳೆಯಲು. ನಡುವಿನ 20 ಸೆಕೆಂಡಿಗೆ ಒಂದು ಹನಿಯೂ ಬೇಡ. ಆಟವಾಗಿ ಕಲಿಸಬೇಕಾದದ್ದು ಈ 20 ಸೆಕೆಂಡನ್ನೇ.

ಹಳದಿ-ಕೆಂಪು ಆಟ

ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿಯ ನೀರು ಕೆಂಪಾಗುತ್ತದೆ ಅಲ್ವಾ? ಸಾಮಾನ್ಯ ಸೋಪಿನ ಬಿಲ್ಲೆಯಲ್ಲೂ ಸುಣ್ಣದ ಹಾಗೆಯೇ ಕ್ಷಾರವಿದೆ. ಹಾಗಾಗಿ ಅರಿಶಿನ ಹಚ್ಚಿದ ಕೈಗೆ ಸೋಪು ತಾಗಿದ ಕಡೆಯೆಲ್ಲ ಹಳದಿ ಹೋಗಿ ಕೆಂಪು ಬರುತ್ತದೆ. ಸೋಪು ತಲುಪದ ಜಾಗ ಹಳದಿಯಾಗಿಯೇ ಉಳಿಯುತ್ತದೆ.

ಐದು ಮಕ್ಕಳನ್ನು ಸುತ್ತ ಕೂರಿಸಿ. ಅಡುಗೆ ಅರಿಶಿನವನ್ನು ನೀರಲ್ಲಿ ತೆಳ್ಳಗೆ ಕಲಸಿ, ಎಲ್ಲರ ಎರಡೂ ಕೈಗೆ ಒಳಗೂ ಹೊರಗೂ ಸವರಿ. ಇದಕ್ಕೆ ಕಸ್ತೂರಿ ಅರಿಶಿನ ಬೇಡ, ಅದರಲ್ಲಿ ಬಣ್ಣ ಕಡಿಮೆ. ಒಬ್ಬೊಬ್ಬರ ಅಂಗೈಗೆ ಒಂದು ಚಮಚ ನೀರು ಹಾಕಿ, ಸೋಪನ್ನು ಕೈಯಿಂದ ಕೈಗೆ ದಾಟಿಸಿ. ಈಗ ಎಲ್ಲರೂ ಹಾಡುತ್ತಾ ಉಜ್ಜಬೇಕು:

ಅಂಗೈ ಅಂಗೈ ಉಜ್ಜೋಣ
ಕೈಯ ಬೆನ್ನು ಸವರೋಣ
ಬೆರಳ ಸಂದಿ ಹುಡುಕೋಣ
ಉಗುರು ಗೀರಿ ನೋಡೋಣ
ಹೆಬ್ಬೆರಳಣ್ಣನ ತಿರುಗಿಸೋಣ!

ನಿಧಾನವಾಗಿ ಎರಡು ಸಲ ಹಾಡಿದರೆ 20 ಸೆಕೆಂಡ್ ಆಗುತ್ತದೆ. ಆಮೇಲೆ "ಹಳದಿ ಎಲ್ಲಿ ಅಡಗಿದೆ?" ಎಂದು ಕೇಳಿ, ಪಕ್ಕದವರ ಕೈಯಲ್ಲಿ ಹುಡುಕಲು ಬಿಡಿ. ಸಾಮಾನ್ಯವಾಗಿ ಹೆಬ್ಬೆರಳಿನ ಬುಡ, ಬೆರಳ ಸಂದಿ, ಉಗುರಿನ ಅಂಚಿನಲ್ಲಿ ಹಳದಿ ಸಿಗುತ್ತದೆ. ತಾನೇ ಕಂಡುಹಿಡಿದ ಜಾಗವನ್ನು ಮಗು ಮರುದಿನ ಹೇಳಿಸಿಕೊಳ್ಳದೆ ಉಜ್ಜುತ್ತದೆ.

ಮಕ್ಕಳಿಗೆ ಆಡಿಸುವ ಮೊದಲು ಟೀಚರ್ ತಮ್ಮ ಕೈಯಲ್ಲೇ ಮಾಡಿ ನೋಡಬೇಕು. ದ್ರವ ಹ್ಯಾಂಡ್‌ವಾಶ್ ಮತ್ತು ಕೆಲವು ಮಕ್ಕಳ ಸೋಪುಗಳಲ್ಲಿ ಕ್ಷಾರ ಇರುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ತೊಳೆದ ಮೇಲೂ ಕೈಯಲ್ಲಿ ತೆಳು ಹಳದಿ ಉಳಿಯುತ್ತದೆ. ಅದು ಕೊಳೆಯಲ್ಲ, ಮನೆಯವರಿಗೆ ಮೊದಲೇ ತಿಳಿಸಿ. ಯೂನಿಫಾರ್ಮ್ ತೋಳು ಮಡಚಿಸುವುದನ್ನು ಮರೆಯಬೇಡಿ. ವಾರಕ್ಕೊಮ್ಮೆ ಈ ಆಟ ಸಾಕು, ಉಳಿದ ದಿನ ಬರೀ ಹಾಡು.

ಕಾಲಲ್ಲಿ ಒತ್ತುವ ಕ್ಯಾನ್

ಇನ್ನು ಸೋಪು ತೊಳೆಯುವ ನೀರು. ಮಗ್ಗಿನಲ್ಲಿ ಸುರಿದರೆ ಒಂದು ಮಗುವಿಗೆ ಸುಲಭವಾಗಿ ಅರ್ಧ ಲೀಟರ್ ಹೋಗುತ್ತದೆ. ಇದಕ್ಕೆ 1980ರ ದಶಕದಲ್ಲಿ ಜಿಂಬಾಬ್ವೆಯಲ್ಲಿ ಹುಟ್ಟಿದ ಟಿಪ್ಪಿ ಟ್ಯಾಪ್ ಒಳ್ಳೆಯ ಉಪಾಯ.

ಮೇಲೆ ಹಿಡಿ ಇರುವ 5 ಲೀಟರಿನ ಎಣ್ಣೆ ಕ್ಯಾನನ್ನು ಬಿಸಿನೀರು, ಸೋಪು ಹಾಕಿ ತೊಳೆಯಿರಿ. ಸಣ್ಣ ಮೊಳೆ ಕಾಯಿಸಿ, ಬಾಯಿ ಇರುವ ಕಡೆಯ ಬದಿಯಲ್ಲಿ, ಮುಚ್ಚಳಕ್ಕಿಂತ ಸುಮಾರು ಅರ್ಧ ಗೇಣು ಕೆಳಗೆ ಒಂದೇ ತೂತು ಹಾಕಿ. ಗಾಳಿಯಾಡಲು ಹಿಡಿಯ ಹತ್ತಿರ ಇನ್ನೊಂದು ಸೂಜಿಗಾತ್ರದ ತೂತು ಬೇಕು. ಎರಡು ಕವಲುಗೂಟ ನೆಟ್ಟು, ಅಡ್ಡಗೋಲನ್ನು ಕ್ಯಾನಿನ ಹಿಡಿಯೊಳಗೆ ತೂರಿಸಿ ಅದರ ಮೇಲಿಡಿ. ಬಾಯಿಯ ಕತ್ತಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ನೆಲದ ಮೇಲಿನ ಕೋಲಿಗೆ ಬಿಗಿಯಿರಿ. ಕೋಲು ತುಳಿದರೆ ಕ್ಯಾನ್ ಬಾಗಿ ಸಣ್ಣಗೆ ನೀರು ಬರುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ನಲ್ಲಿ ಮುಟ್ಟುವ ಪ್ರಮೇಯವೇ ಇಲ್ಲ. ಎತ್ತರ ಮಗುವಿನ ಎದೆಮಟ್ಟಕ್ಕಿರಲಿ. ನೀರನ್ನು ತೂತಿನ ಕೆಳಗಿನವರೆಗೆ ಮಾತ್ರ ತುಂಬಿಸಿ, ಇಲ್ಲವಾದರೆ ಸುಮ್ನೆ ಸೋರುತ್ತದೆ.

ಐದು ಮಕ್ಕಳು ತೊಳೆದ ನೀರನ್ನು ಬೇಸಿನ್ನಿನಲ್ಲಿ ಹಿಡಿದು ಲೀಟರ್ ಬಾಟಲಿಗೆ ಸುರಿಯಿರಿ. ಅರ್ಧ ಬಾಟಲಿಯೊಳಗೆ ಇದ್ದರೆ ಸರಿ, ಅಂದರೆ ಮಗುವಿಗೆ 100 ಮಿಲಿಲೀಟರ್. ಜಾಸ್ತಿ ಬಂದರೆ ತೂತು ದೊಡ್ಡದಾಗಿದೆ, ಬೇರೆ ಕ್ಯಾನ್ ನೋಡಿ. ತರಗತಿಯಲ್ಲಿ 25 ಮಕ್ಕಳಿದ್ದರೆ ಶೌಚಾಲಯದ ನಂತರ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ ತೊಳೆಯಲು ದಿನಕ್ಕೆ 5 ಲೀಟರ್ ಸಾಕು. ಮಗ್ಗಿನಲ್ಲಾದರೆ 25 ಲೀಟರ್ ಬೇಕಿತ್ತು.

ರೈಲಿನ ಆಟ

ಕ್ಯಾನ್ ಒಂದೇ ಇದ್ದರೆ ನೂಕಾಟ ಶುರುವಾಗುತ್ತದೆ. ಐದೈದು ಮಕ್ಕಳ ಬೋಗಿ ಮಾಡಿ. ಒಂದು ಬೋಗಿ ತೊಳೆಯುವಾಗ ಹಿಂದಿನ ಬೋಗಿ ಹಾಡುತ್ತಾ ಉಜ್ಜುತ್ತಿರಲಿ. ತೊಳೆಯಲು ಒಬ್ಬರಿಗೆ ಹತ್ತು ಸೆಕೆಂಡ್ ಹಿಡಿದರೂ ಇಡೀ ತರಗತಿ ಐದು ನಿಮಿಷದೊಳಗೆ ಮುಗಿಯುತ್ತದೆ. ಕೊನೆಗೆ ಹಕ್ಕಿಯ ರೆಕ್ಕೆಯಂತೆ ಕೈ ಬಡಿದು ಒಣಗಿಸಲಿ. ಎಲ್ಲರಿಗೂ ಒಂದೇ ಟವೆಲ್ ಇಟ್ಟರೆ ತೊಳೆದದ್ದು ವ್ಯರ್ಥ.

ಸೋಪನ್ನು ಹಳೆ ಸಾಕ್ಸ್‌ನಲ್ಲಿ ಹಾಕಿ ಗೂಟಕ್ಕೆ ಕಟ್ಟಿ, ಸಂಜೆ ಒಳಗಿಡಿ. ಬಿಟ್ಟರೆ ಇಲಿ, ಕಾಗೆ ಹೊತ್ತೊಯ್ಯುತ್ತವೆ. ಬಿಸಿಲಿಗೆ ಕ್ಯಾನಿನೊಳಗೆ ಪಾಚಿ ಕಟ್ಟುವುದರಿಂದ ಗೋಣಿಚೀಲ ಸುತ್ತಿ, ವಾರಕ್ಕೊಮ್ಮೆ ತೊಳೆಯಿರಿ. ಕೆಳಗೆ ಜಲ್ಲಿ ಹಾಕಿ, ಬಿದ್ದ ನೀರು ಪಪ್ಪಾಯಿ ಗಿಡದ ಬುಡಕ್ಕೆ ಹರಿಯುವಂತೆ ಕಾಲುವೆ ಮಾಡಿದರೆ ಕೆಸರಾಗುವುದಿಲ್ಲ, ಸೊಳ್ಳೆಯೂ ಬರುವುದಿಲ್ಲ.